ಗುಡ್ಡ ಹತ್ತಿ ಇಳಿಯುವ ನೀರಿನ ಲೆಕ್ಕ

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಯ ದ್ರವಬಲವಿಜ್ಞಾನದ ಅಸೈನ್‌ಮೆಂಟಿನಲ್ಲಿ ಹೀಗೊಂದು ಪ್ರಶ್ನೆ ಇರುತ್ತದೆ. ತೆರೆದ ಟ್ಯಾಂಕಿನಿಂದ 150 ಮಿ.ಮೀ. ವ್ಯಾಸದ, 200 ಮೀಟರ್ ಉದ್ದದ ಕೊಳವೆ ಹೊರಡುತ್ತದೆ. 60 ಮೀಟರ್ ಸಾಗುವಷ್ಟರಲ್ಲಿ ಅದೊಂದು ದಿಬ್ಬವನ್ನು ಹತ್ತಬೇಕು. ದಿಬ್ಬದ ನೆತ್ತಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ 2 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೊಳವೆ ಇಳಿಯುತ್ತಾ ಹೋಗಿ, ಟ್ಯಾಂಕಿನ ನೀರಿಗಿಂತ 20 ಮೀಟರ್ ಕೆಳಗೆ, 75 ಮಿ.ಮೀ. ಬಾಯಿಯ ನಾಜಲ್‌ನಲ್ಲಿ ಕೊನೆಗೊಳ್ಳುತ್ತದೆ. ಕೊಳವೆ ಮೊದಲೇ ನೀರಿನಿಂದ ತುಂಬಿದೆ, ಹರಿವು ಸ್ಥಿರವಾಗಿದೆ. ಸೆಕೆಂಡಿಗೆ ಎಷ್ಟು ನೀರು ಹೊರಬರುತ್ತದೆ? ನೆತ್ತಿಯಲ್ಲಿ ಒತ್ತಡ ಎಷ್ಟು?

ನುರಿತವರು ಸೂತ್ರಕ್ಕೆ ಕೈ ಹಾಕುವ ಮೊದಲು ಚಿತ್ರ ಬರೆಯುತ್ತಾರೆ. ಚಿತ್ರದಲ್ಲಿ ಎರಡು ಅಡ್ಡಛೇದಗಳನ್ನು ಗುರುತಿಸುತ್ತಾರೆ, ಅಂದರೆ ನೀರಿನ ದಾರಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡುವ ಎರಡು ಜಾಗಗಳನ್ನು. ಈ ಆಯ್ಕೆಯಲ್ಲೇ ಅರ್ಧ ಕೌಶಲ ಅಡಗಿದೆ. ಒಂದನೆಯದನ್ನು ಟ್ಯಾಂಕಿನ ನೀರಿನ ಮೇಲ್ಮೈಯಲ್ಲಿಟ್ಟರೆ ಅಲ್ಲಿ ಒತ್ತಡ ವಾತಾವರಣದ್ದೇ. ಟ್ಯಾಂಕು ದೊಡ್ಡದಾದ್ದರಿಂದ ನೀರು ಇಳಿಯುವ ವೇಗವೂ ಗಣನೆಗೆ ಬಾರದಷ್ಟು ಕಡಿಮೆ. ಎರಡನೆಯದನ್ನು ನಾಜಲ್‌ನ ಹೊರಗೆ, ಧಾರೆ ಗಾಳಿಗೆ ತೆರೆದುಕೊಂಡಲ್ಲಿ ಇಡುತ್ತಾರೆ. ಅಲ್ಲೂ ವಾತಾವರಣದ ಒತ್ತಡವೇ. ಹೀಗೆ ಗೊತ್ತಿಲ್ಲದ ಮೂರು ಸಂಖ್ಯೆಗಳು ಬರೆಯುವ ಮುನ್ನವೇ ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಮೊದಲು ನಿರಂತರತೆಯ ಸಮೀಕರಣ. ಕೊಳವೆಯೊಳಗೆ ನೀರು ಹುಟ್ಟುವುದೂ ಇಲ್ಲ, ಕಳೆದುಹೋಗುವುದೂ ಇಲ್ಲ. ಆದ್ದರಿಂದ ಕೊಳವೆಯ ಕ್ಷೇತ್ರಫಲವನ್ನು ಅಲ್ಲಿನ ವೇಗದಿಂದ ಗುಣಿಸಿದರೆ ಬರುವ ಗುಣಲಬ್ಧ ಉದ್ದಕ್ಕೂ ಒಂದೇ. ನಾಜಲ್‌ನ ವ್ಯಾಸ ಕೊಳವೆಯ ಅರ್ಧ, ಅಂದರೆ ಕ್ಷೇತ್ರಫಲ ಕಾಲು ಭಾಗ. ಹಾಗಾಗಿ ಧಾರೆಯ ವೇಗ ಕೊಳವೆಯೊಳಗಿನ ವೇಗದ ನಾಲ್ಕು ಪಟ್ಟು. ಎರಡು ಅಜ್ಞಾತಗಳು ಈಗ ಒಂದಾದವು. ಕೊಳವೆಯೊಳಗಿನ ಆ ವೇಗವನ್ನು V ಎನ್ನೋಣ.

ಇನ್ನು ಶಕ್ತಿ ಸಮೀಕರಣ. ಒಂದು ನ್ಯೂಟನ್ ತೂಕದ ನೀರಿನಲ್ಲಿ ಎಷ್ಟು ಶಕ್ತಿಯಿದೆ ಎಂದು ಕೇಳಿದರೆ ಉತ್ತರ ಮೀಟರಿನಲ್ಲಿ ಬರುತ್ತದೆ. ಇದಕ್ಕೆ ಹೆಡ್ ಎಂದು ಹೆಸರು. ಎತ್ತರದಿಂದ ಬಂದದ್ದು, ಒತ್ತಡದಿಂದ ಬಂದದ್ದು, ವೇಗದಿಂದ ಬಂದದ್ದು ಎಂದು ಅದರಲ್ಲಿ ಮೂರು ಪಾಲು. ಡೇನಿಯಲ್ ಬರ್ನೌಲಿ 1738ರ ತನ್ನ ಗ್ರಂಥದಲ್ಲಿ ಈ ಪಾಲುಗಳ ಸಂಬಂಧವನ್ನು ಹುಡುಕಿಕೊಟ್ಟ. ಆದರೆ ನಿಜವಾದ ಕೊಳವೆಯಲ್ಲಿ ಘರ್ಷಣೆಗೆ ಹೋಗುವ ನಾಲ್ಕನೆಯ ಪಾಲೊಂದಿದೆ. ಅದನ್ನು ಅಳೆಯುವ ಸೂತ್ರಕ್ಕೆ ವೈಸ್‌ಬಾಕ್ ಮತ್ತು ಡಾರ್ಸಿ ಎಂಬಿಬ್ಬರ ಹೆಸರಿದೆ: `h = f L V² / (2 g D)`. ಇಲ್ಲಿ f ಎಂಬುದು ಘರ್ಷಣಾಂಕ, L ಉದ್ದ, D ವ್ಯಾಸ.

ನಮ್ಮ ಪ್ರಶ್ನೆಯಲ್ಲಿ f ಬೆಲೆ 0.02. ಟ್ಯಾಂಕಿನಿಂದ ಕೊಳವೆಯ ಬಾಯಿಗೆ ನುಗ್ಗುವಾಗ ನೀರು ವೇಗಹೆಡ್ಡಿನ, ಅಂದರೆ V²/2gಯ, ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಉದ್ದಕ್ಕೂ ಆಗುವ ಘರ್ಷಣೆ ವೇಗಹೆಡ್ಡಿನ 26.67 ಪಟ್ಟು ತಿನ್ನುತ್ತದೆ. ಹೊರಡುವ ಧಾರೆ ನಾಲ್ಕು ಪಟ್ಟು ವೇಗದ್ದಾದ್ದರಿಂದ 16 ಪಟ್ಟನ್ನು ಹೊತ್ತೊಯ್ಯುತ್ತದೆ. ನಾಜಲ್‌ನೊಳಗಿನ ಸಣ್ಣ ನಷ್ಟವನ್ನು ಬಿಟ್ಟು ಎಲ್ಲ ಕೂಡಿಸಿದರೆ:

```
20 = (0.5 + 26.67 + 16) V²/2g
V²/2g = 0.463 m
V = 3.01 m/s
```

ಕೊಳವೆಯ ಕ್ಷೇತ್ರಫಲದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 53 ಲೀಟರ್ ನೀರು. ಧಾರೆ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಚಿಮ್ಮುತ್ತದೆ.

ಹೆಚ್ಚಿನವರು ಎಡವುವುದು f ಹತ್ತಿರ. ನಮ್ಮಲ್ಲಿ ಬಳಕೆಯಲ್ಲಿರುವ ಹಲವು ಪಠ್ಯಪುಸ್ತಕಗಳು ಇದೇ ಸೂತ್ರವನ್ನು `4 f L V² / (2 g D)` ಎಂದು ಬರೆಯುತ್ತವೆ. ಅಲ್ಲಿನ f ಬೇರೆ, ಇಲ್ಲಿನದರ ಕಾಲು ಭಾಗ. 0.02ನ್ನು ತಂದು ಆ ಸೂತ್ರದೊಳಗೆ ಹಾಕಿದರೆ ಘರ್ಷಣೆ ನಾಲ್ಕು ಪಟ್ಟಾಗಿ, ಉತ್ತರ 53ರಿಂದ 32 ಲೀಟರಿಗೆ ಕುಸಿಯುತ್ತದೆ. ಅಂಕಗಣಿತ ಎಲ್ಲೂ ತಪ್ಪಿರುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಕೂಡಿ ಕಳೆದರೂ ಇದು ಸಿಗುವುದಿಲ್ಲ. ಸಿಗುವ ದಾರಿ ಬೇರೆ: ಬಂದ ವೇಗವನ್ನು ಹಿಡಿದು ರೆನಾಲ್ಡ್ಸ್ ಸಂಖ್ಯೆಯನ್ನು ಕಂಡುಹಿಡಿಯುವುದು. ಇಲ್ಲಿ ಅದು ಸುಮಾರು ನಾಲ್ಕೂವರೆ ಲಕ್ಷ. ನಮ್ಮ ಕೊಳವೆ ಕಲಾಯಿ ಕಬ್ಬಿಣದ್ದಾದರೆ ಅದರ ಒಳಮೈಯ ಒರಟುತನ ಸುಮಾರು 0.15 ಮಿ.ಮೀ., ಅಂದರೆ ವ್ಯಾಸದ ಸಾವಿರದಲ್ಲೊಂದು ಪಾಲು. ಈ ಎರಡನ್ನೂ ಹಿಡಿದು 1944ರಲ್ಲಿ ಮೂಡಿ ಪ್ರಕಟಿಸಿದ ನಕ್ಷೆಯನ್ನು ನೋಡಿದರೆ ಘರ್ಷಣಾಂಕ 0.02ರ ಹತ್ತಿರವೇ ಸಿಗುತ್ತದೆ. ಪ್ರಶ್ನೆಯಲ್ಲಿ ಕೊಟ್ಟ f ಯಾವ ಸೂತ್ರದ್ದು ಎಂಬುದೂ ಅಲ್ಲಿಗೆ ಖಚಿತವಾಗುತ್ತದೆ.

ಈಗ ನೆತ್ತಿಯ ಸರದಿ. ಅದೇ ಶಕ್ತಿ ಸಮೀಕರಣವನ್ನು ಈ ಸಲ ಟ್ಯಾಂಕಿನ ಮೇಲ್ಮೈಗೂ ದಿಬ್ಬದ ತುದಿಗೂ ನಡುವೆ ಬರೆಯಬೇಕು. ನೀರು ಅಲ್ಲಿ 2 ಮೀಟರ್ ಮೇಲೇರಿದೆ, ಒಂದು ವೇಗಹೆಡ್ಡನ್ನು ಹೊತ್ತಿದೆ, ಬಾಯಿಯಲ್ಲಿ ಅರ್ಧವನ್ನೂ 60 ಮೀಟರಿನ ಘರ್ಷಣೆಯಲ್ಲಿ ಎಂಟನ್ನೂ ಕಳೆದುಕೊಂಡಿದೆ. 2 ಮೀಟರ್, ಜೊತೆಗೆ 0.463ರ ಒಂಬತ್ತೂವರೆ ಪಟ್ಟು. ಒತ್ತಡ ವಾತಾವರಣಕ್ಕಿಂತ 6.4 ಮೀಟರ್ ಕೆಳಗೆ. ಈ ನೀರನ್ನು ದಿಬ್ಬ ಹತ್ತಿಸುತ್ತಿರುವುದು ಟ್ಯಾಂಕಿನ ಮೇಲೆ ಕೂತಿರುವ ಗಾಳಿಯ ಭಾರ. ಸಮುದ್ರಮಟ್ಟದಲ್ಲಿ ಆ ಭಾರ 10.3 ಮೀಟರ್ ನೀರಿಗೆ ಸಮ. ಅದರಲ್ಲಿ 6.4 ಕಳೆದರೆ 3.9 ಮೀಟರ್ ಉಳಿಯುತ್ತದೆ. ಈ ಉಳಿಕೆ ಸುಮಾರು 2.5ಕ್ಕಿಂತ ಕೆಳಗಿಳಿದರೆ ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಗಳಾಗಿ ಹೊರಬಂದು ನೆತ್ತಿಯಲ್ಲಿ ಸೇರಿಕೊಂಡು ಹರಿವನ್ನೇ ತುಂಡರಿಸುತ್ತದೆ. ಆದ್ದರಿಂದ ಅದನ್ನೇ ಮಿತಿ ಎಂದು ಹಿಡಿಯುವುದು ರೂಢಿ.

ಹೆಚ್ಚು ನೀರು ಬರಲೆಂದು ಯಾರಾದರೂ ನಾಜಲ್ ಬಿಚ್ಚಿಟ್ಟರೆ? ಹೊರಹೋಗುವ ನೀರು ಈಗ 16ರ ಬದಲು ಒಂದೇ ಪಾಲನ್ನು ಒಯ್ಯುತ್ತದೆ. ಕಾಗದದ ಮೇಲೆ ಹರಿವು 53ರಿಂದ 66 ಲೀಟರಿಗೆ ಏರುತ್ತದೆ. ಅಸೈನ್‌ಮೆಂಟನ್ನು ಇಲ್ಲಿಗೇ ನಿಲ್ಲಿಸಿದವರಿಗೆ ಇದೊಂದು ಲಾಭದಂತೆ ಕಾಣುತ್ತದೆ. ನೆತ್ತಿಯನ್ನು ಮತ್ತೊಮ್ಮೆ ಲೆಕ್ಕ ಹಾಕಿದವರಿಗೆ ಮಾತ್ರ ಒತ್ತಡ ವಾತಾವರಣಕ್ಕಿಂತ 8.7 ಮೀಟರ್ ಕೆಳಗಿಳಿದು, ಉಳಿಕೆ 1.6 ಮೀಟರಿಗೆ ಬಂದದ್ದು ಕಾಣುತ್ತದೆ. ಆ 66 ಲೀಟರನ್ನು ನೆಚ್ಚುವಂತಿಲ್ಲ, ಹರಿವು ದಿಬ್ಬದ ಮೇಲೆಯೇ ಕಡಿದುಹೋದೀತು. 140 ಮೀಟರ್ ದೂರದ ಕಿರಿದಾದ ಬಾಯಿಯೊಂದು ವೇಗವನ್ನು ತಡೆದು ನೆತ್ತಿಯನ್ನು ಕಾಯುತ್ತಿತ್ತು. ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಈ ದೂರದ ನಂಟು.

ಇದೇ ಕೊಳವೆಯನ್ನು ಬೆಂಗಳೂರಿನಲ್ಲಿ ಹಾಕಿದರೆ ನಾಜಲ್ ಇದ್ದರೂ ಜಾಗ್ರತೆ ಬೇಕು. ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ಭಾರ 9.3 ಮೀಟರ್ ನೀರಿನಷ್ಟೇ. ಉಳಿಕೆ 2.9ಕ್ಕೆ ಬರುತ್ತದೆ, ಮಿತಿಗೆ ಅರ್ಧ ಮೀಟರೂ ಅಂತರವಿಲ್ಲ. ಪರಿಹಾರವೂ ಅದೇ ಎರಡು ಸಮೀಕರಣಗಳಲ್ಲಿದೆ. ನೆತ್ತಿಯವರೆಗಿನ 60 ಮೀಟರನ್ನು ಮಾತ್ರ 200 ಮಿ.ಮೀ. ಕೊಳವೆಗೆ ಬದಲಿಸಿದರೆ, ಆ ಭಾಗದಲ್ಲಿ ವೇಗ ಸೆಕೆಂಡಿಗೆ 1.84 ಮೀಟರಿಗೆ ಇಳಿಯುತ್ತದೆ. ಕೊಳವೆ ಕಿರಿದಾಗುವಲ್ಲಿನ ಸಣ್ಣ ನಷ್ಟವನ್ನು ಬಿಟ್ಟರೆ ಒಟ್ಟು ಹರಿವು ಸುಮಾರು 58 ಲೀಟರಿಗೆ ಏರುತ್ತದೆ, ನೆತ್ತಿಯ ಒತ್ತಡ ವಾತಾವರಣಕ್ಕಿಂತ 3.3 ಮೀಟರಷ್ಟೇ ಕೆಳಗಿರುತ್ತದೆ.