ಪೈಪೋಟಿಯವರ ಜಾಹೀರಾತು ಓದುವ ಬಗೆ

ಮರದ ಗಾಣದ ಶೇಂಗಾ ಎಣ್ಣೆ ಮಾರುವ ಸಣ್ಣ ಉದ್ಯಮವೊಂದಿದೆ ಎಂದಿಟ್ಟುಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕಬೇಕು, ಏನು ಬರೆಯುವುದೆಂದು ತೋಚುತ್ತಿಲ್ಲ. ಇದೇ ಎಣ್ಣೆ ಮಾರುವ ಬೇರೆಯವರು ಏನು ಹೇಳುತ್ತಿದ್ದಾರೆಂದು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿ ಇವನ್ನು facebook.com/ads/library ವಿಳಾಸದಲ್ಲಿ ಬಹಿರಂಗವಾಗಿಯೇ ಇಟ್ಟಿದೆ. 2018ರಲ್ಲಿ ರಾಜಕೀಯ ಜಾಹೀರಾತುಗಳಿಗಾಗಿ ಶುರುವಾದ ಈ ಸಂಗ್ರಹ, ಮರುವರ್ಷ ಎಲ್ಲ ಬಗೆಯವಕ್ಕೂ ತೆರೆದುಕೊಂಡಿತು. ಗೂಗಲ್‌ ಕೂಡ 2023ರಲ್ಲಿ ಇಂಥದೊಂದನ್ನು adstransparency.google.com ಎಂಬಲ್ಲಿ ಆರಂಭಿಸಿತು.

ಮೆಟಾದ ಪುಟದಲ್ಲಿ ದೇಶ India, ವರ್ಗ All ads ಎಂದು ಆರಿಸಿ, ‘ಗಾಣದ ಎಣ್ಣೆ’ ಎಂದು ಕನ್ನಡದಲ್ಲೇ ಹುಡುಕಬಹುದು. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲೂ ಒಮ್ಮೆ ಹುಡುಕಿ, ಯಾಕೆಂದರೆ ಕನ್ನಡದವರಿಗೆ ಮಾರುವವರೂ ಎಷ್ಟೋ ಸಲ ganada enne ಎಂದು ಬರೆದಿರುತ್ತಾರೆ. ಸಿಕ್ಕ ಪ್ರತಿ ಜಾಹೀರಾತಿನ ಮೇಲೆ ಒಂದು Library ID, Started running on ಎಂದು ಶುರುವಾದ ದಿನಾಂಕ, ಅದು ಯಾವ ಯಾವ ವೇದಿಕೆಗಳಲ್ಲಿ ಓಡುತ್ತಿದೆ ಎಂಬ ಗುರುತು ಇರುತ್ತವೆ.

ಈ ದಿನಾಂಕವೇ ಎಲ್ಲರ ಕಣ್ಣಿಗೆ ಮೊದಲು ಬೀಳುವುದು. ನಾಲ್ಕು ತಿಂಗಳಿಂದ ಓಡುತ್ತಿದೆ ಎಂದರೆ ಅದರಿಂದ ವ್ಯಾಪಾರ ಆಗುತ್ತಿರಬೇಕು, ಇಲ್ಲದಿದ್ದರೆ ದುಡ್ಡು ಸುರಿಯುತ್ತಾರೆಯೇ? ಊಹೆ ಸರಿಯಿರಬಹುದು, ಆದರೆ ಅದು ಊಹೆಯೇ. ಭಾರತದಲ್ಲಿ ಮಾಮೂಲಿ ವ್ಯಾಪಾರದ ಜಾಹೀರಾತಿಗೆ ಎಷ್ಟು ಖರ್ಚಾಯಿತು, ಎಷ್ಟು ಮಂದಿ ಒತ್ತಿದರು, ಎಷ್ಟು ಬಾಟಲಿ ಹೋಯಿತು ಎಂಬುದು ಇಲ್ಲಿ ಕಾಣುವುದಿಲ್ಲ. ದಿನಕ್ಕೆ ನೂರು ರೂಪಾಯಿ ಕಟ್ಟಿ ಮರೆತುಬಿಟ್ಟ ಜಾಹೀರಾತೂ ತಿಂಗಳುಗಟ್ಟಲೆ ಓಡೀತು. ಹಳೆಯದನ್ನೇ ನಕಲು ಮಾಡಿ ಮತ್ತೆ ಹಾಕಿದರೆ ಹೊಸ ದಿನಾಂಕ ಬೀಳುತ್ತದೆ. ನಮ್ಮಲ್ಲಿ ನಿಲ್ಲಿಸಿದ ವ್ಯಾಪಾರಿ ಜಾಹೀರಾತು ಪಟ್ಟಿಯಿಂದಲೇ ಮಾಯವಾಗುತ್ತದೆ. ಹಾಗಾಗಿ ಒಮ್ಮೆ ನೋಡಿ ಬಿಡಬಾರದು. ಇವತ್ತು ಬರೆದಿಟ್ಟುಕೊಂಡು, ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ಮಾತು ಬೇರೆಯಾದರೂ ಅದೇ ಧಾಟಿಗೆ ಒಂದೇ ಕಂಪನಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ದಿನಾಂಕಕ್ಕಿಂತ ಗಟ್ಟಿಯಾದ ಸುಳಿವು.

ಬರೆದಿಟ್ಟುಕೊಳ್ಳುವಾಗಲೇ ಕಲಿಕೆ ಎಲ್ಲಿ ಮುಗಿಯುತ್ತದೆ, ಕದಿಯುವುದು ಎಲ್ಲಿ ಶುರುವಾಗುತ್ತದೆ ಎಂಬುದು ತೀರ್ಮಾನವಾಗುತ್ತದೆ. ಅವರ ವಾಕ್ಯವನ್ನು ಹಾಗೇ ಇಳಿಸಿಕೊಂಡರೆ ನಾಳೆ ನಮ್ಮ ಬರಹದಲ್ಲಿ ಅದೇ ಇಣುಕುತ್ತದೆ. ಅದರ ಬದಲು ಪ್ರತಿ ಜಾಹೀರಾತಿಗೂ ನಾಲ್ಕೇ ಪ್ರಶ್ನೆ ಕೇಳಿ, ಉತ್ತರವನ್ನು ನಮ್ಮ ಮಾತಲ್ಲಿ ಗೀಚಬೇಕು: ಯಾವ ಚಿಂತೆಯನ್ನು ಮುಟ್ಟುತ್ತಿದೆ, ಏನು ಭರವಸೆ ಕೊಡುತ್ತಿದೆ, ನಂಬಿಸಲು ಏನು ತೋರಿಸುತ್ತಿದೆ, ಕೊನೆಗೆ ಗಿರಾಕಿಗೆ ಏನು ಮಾಡಲು ಹೇಳುತ್ತಿದೆ?

ಎಂಟು ಹತ್ತು ಮಾರಾಟಗಾರರ ಮೂವತ್ತು ನಲವತ್ತು ಜಾಹೀರಾತು ಹೀಗೆ ಗುರುತಾದ ಮೇಲೆ ಎಣಿಸಿ. ನಮ್ಮ ಎಣ್ಣೆಯವರ ಪಟ್ಟಿ ಹೀಗಿದೆ ಅನ್ನೋಣ: ಅರ್ಧಕ್ಕರ್ಧ ಮಂದಿ ರಿಫೈನ್ಡ್ ಎಣ್ಣೆಯ ಬಗ್ಗೆ ಹೆದರಿಸುತ್ತಾರೆ. ಉಳಿದವರಲ್ಲಿ ಬಹುಪಾಲು ಅಜ್ಜಿಯ ಅಡುಗೆಮನೆಯನ್ನು ನೆನಪಿಸುತ್ತಾರೆ, ಎತ್ತು ಗಾಣ ಸುತ್ತುವ ವಿಡಿಯೊ ಹಾಕುತ್ತಾರೆ. ಗಿರಾಕಿ ಅಂಗಡಿಗೆ ಬಂದು ಕೇಳುವ ಮೊದಲ ಪ್ರಶ್ನೆಗೆ, ಅಂದರೆ ‘ಯಾಕಿಷ್ಟು ದುಬಾರಿ?’ ಎಂಬುದಕ್ಕೆ, ಒಬ್ಬರೂ ಬಾಯಿ ಬಿಟ್ಟಿಲ್ಲ. ಕರಿಯುವಾಗ ನೊರೆ ಬರುತ್ತದಲ್ಲ ಎಂಬ ದೂರಿಗೂ ಉತ್ತರವಿಲ್ಲ. ಈ ಖಾಲಿ ಜಾಗ ಪಟ್ಟಿಯಲ್ಲಿ ಕಾಣುತ್ತದೆ, ಅದನ್ನು ತುಂಬುವ ಮಾತು ಮಾತ್ರ ಪಟ್ಟಿಯಲ್ಲಿ ಸಿಗುವುದಿಲ್ಲ. ಗಾಣದವನನ್ನೇ ಕೇಳಬೇಕು. ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಶೇಂಗಾಬೀಜ ಬೇಕು ಎಂದು ಅವನು ಹೇಳುತ್ತಾನೆ. ಆಗ ಜಾಹೀರಾತು ತಾನಾಗಿ ಹುಟ್ಟುತ್ತದೆ: ತಕ್ಕಡಿಯಲ್ಲಿ ಎರಡೂವರೆ ಕಿಲೋ ಬೀಜ, ಪಕ್ಕದಲ್ಲಿ ಒಂದು ಬಾಟಲಿ, ಕೆಳಗೆ ‘ಇಷ್ಟು ಹಾಕಿದರೆ ಇಷ್ಟೇ ಬರುವುದು’. ಇದರಲ್ಲಿ ಯಾರದೂ ನಕಲಿಲ್ಲ.

ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ಬಗೆಗೆ ಇದೆ ಎಂಬುದನ್ನು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲೇ ಹೇಳಿದೆ. ಆದರೆ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ಇನ್ನಷ್ಟು ಬಿಗಿ. ಇನ್ನೊಬ್ಬರ ಜಾಹೀರಾತಿನ ವಿನ್ಯಾಸ, ಬರಹ, ಘೋಷವಾಕ್ಯ, ದೃಶ್ಯ, ಸಂಗೀತ ಇವನ್ನು ನಕಲೆನಿಸುವಷ್ಟು ಹೋಲುವಂತೆ ಮಾಡಬಾರದು ಎಂದು ಅದರ ಸಂಹಿತೆ ಹೇಳುತ್ತದೆ. ಸಂಗ್ರಹದಲ್ಲಿ ಓಡುತ್ತಿದೆ ಎಂದ ಮಾತ್ರಕ್ಕೆ ಒಂದು ಮಾತು ಕಾನೂನುಬದ್ಧ ಎಂದೂ ತಿಳಿಯಬೇಡಿ. ಎಣ್ಣೆ ಕುಡಿದರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವ ಜಾಹೀರಾತು ಅಲ್ಲಿ ಕಂಡರೆ, ಅದನ್ನು ಧಾಟಿಗಳ ಲೆಕ್ಕಕ್ಕೆ ಸೇರಿಸಿ, ನಿಮ್ಮ ಬಾಟಲಿಗೆ ಮಾತ್ರ ಅಂಟಿಸಬೇಡಿ. ಆಹಾರದ ಹೆಸರಲ್ಲಿ ರೋಗ ಗುಣಪಡಿಸುವ ಮಾತಾಡಲು ಎಫ್‌ಎಸ್‌ಎಸ್‌ಎಐ ನಿಯಮ ಬಿಡುವುದಿಲ್ಲ.

ಬರೆದಾದ ಮೇಲೆ ನಿಮ್ಮ ಸಾಲಿನಲ್ಲಿ ನಿಮ್ಮ ಹೆಸರು ತೆಗೆದು ಪೈಪೋಟಿಯವರ ಹೆಸರು ಹಾಕಿ ಓದಿ ನೋಡಿ. ಆಗಲೂ ಸಲೀಸಾಗಿ ಹೊಂದಿಕೊಂಡರೆ ಆ ಸಾಲು ಇನ್ನೂ ಪಟ್ಟಿಯದೇ, ಗಾಣದ ಹತ್ತಿರ ಇನ್ನೊಮ್ಮೆ ಹೋಗಿಬನ್ನಿ. ಹೊಂದದಿದ್ದರೆ ಹಾಕಬಹುದು. ಒಂದು ದಿನದೊಳಗೆ ಅದೂ ಆ ಸಂಗ್ರಹದಲ್ಲಿ ದಿನಾಂಕ ಸಮೇತ ಎಲ್ಲರಿಗೂ ಕಾಣುತ್ತದೆ.