ಡಬ್ಬಿ ಖಾಲಿಯಾಗುವ ಮೊದಲೇ

ಕಾಫಿ ಪುಡಿ ಅಂಗಡಿಯ ಗಿರಾಕಿ ಮುನಿಸಿಕೊಂಡು ಬಿಟ್ಟುಹೋಗುವುದು ಅಪರೂಪ. ರಾತ್ರಿ ಡಬ್ಬಿ ತೆಗೆದರೆ ತಳ ಕಾಣುತ್ತಿರುತ್ತದೆ, ಬೆಳಿಗ್ಗೆ ಡಿಕಾಕ್ಷನ್ ಹಾಕಲೇಬೇಕು. ಬೀದಿ ಕೊನೆಯ ಕಿರಾಣಿ ಅಂಗಡಿಯಿಂದ ಕಂಪನಿ ಪ್ಯಾಕೆಟ್ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ನಾಲಿಗೆಯೂ ಹೊಂದಿಕೊಂಡಿರುತ್ತದೆ. ಹೀಗೆ ಜಾರಿದವರನ್ನು ಹಿಡಿದಿಡಲು ವಾಟ್ಸ್ಆ್ಯಪ್ ಸಂದೇಶ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಆದರೆ ಅದು ಡಬ್ಬಿ ಖಾಲಿಯಾಗುವ ಎರಡು ದಿನ ಮೊದಲು ತಲುಪಬೇಕು.

ಆ ದಿನವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ದಿನಕ್ಕೆ 30 ಗ್ರಾಂ ಪುಡಿ ಬಳಸುವ ಮನೆಗೆ ಅರ್ಧ ಕೆ.ಜಿ. ಹದಿನಾರು ದಿನ ಬರುತ್ತದೆ. ಹೊಸಬರ ಬಳಕೆ ಎಷ್ಟೆಂದು ಮೊದಲ ದಿನ ಗೊತ್ತಿರುವುದಿಲ್ಲ. ಎರಡನೆಯ, ಮೂರನೆಯ ಸಲ ಬಂದ ತಾರೀಕು ನೋಡಿದರೆ ತಾನಾಗಿ ತಿಳಿಯುತ್ತದೆ. ಗಲ್ಲಾದ ಪಕ್ಕದ ನೋಟ್‌ಬುಕ್ಕಿನಲ್ಲಿ ಹೆಸರು, ನಂಬರು, ಯಾವ ಪುಡಿ, ಎಷ್ಟು, ಕೊಂಡ ದಿನ, ಮುಗಿಯಬಹುದಾದ ದಿನ ಇಷ್ಟಿದ್ದರೆ ಸಾಕು. ಫೋನಿನಲ್ಲಿ ಹೆಸರು ಸೇವ್ ಮಾಡುವಾಗಲೇ ‘ಸುಮಾ 80-20 ಅರ್ಧ’ ಎಂದು ಬರೆದರೆ, ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ ಕೊಳ್ಳುವವರು ಯಾರೆಂದು ಹುಡುಕಬೇಕಾಗಿಲ್ಲ. ನೋಟ್‌ಬುಕ್ ಬಿಡಬೇಡಿ. ಫೋನ್ ಕಳೆದ ದಿನ ಉಳಿಯುವುದು ಅದೊಂದೇ.

ಇನ್ನು ಕಳಿಸುವ ವಿಷಯ. ಎಲ್ಲರನ್ನೂ ಒಂದು ಗ್ರೂಪಿಗೆ ಸೇರಿಸುವ ಅಂಗಡಿಗಳಿವೆ. ಗ್ರೂಪಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ. ಪುಡಿ ಕೊಳ್ಳಲು ಬಂದ ಹೆಂಗಸು ತನ್ನ ನಂಬರನ್ನು ಊರಿಗೆಲ್ಲ ಕೊಟ್ಟಿರುವುದಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಆ ತೊಂದರೆಯಿಲ್ಲ. ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಉತ್ತರ ಅಂಗಡಿಗೆ ಮಾತ್ರ ಬರುತ್ತದೆ. ಒಂದು ಲಿಸ್ಟ್‌ಗೆ 256 ಜನರ ಮಿತಿ ಇದೆ, ಸಣ್ಣ ಅಂಗಡಿಗೆ ಅಷ್ಟು ಧಾರಾಳ.

ಹೆಚ್ಚಿನವರು ಎಡವುವುದು ಇದರ ನಂತರ. ಗಿರಾಕಿಯ ಫೋನಿನಲ್ಲಿ ಅಂಗಡಿಯ ನಂಬರು ಸೇವ್ ಆಗಿರದಿದ್ದರೆ ಬ್ರಾಡ್‌ಕಾಸ್ಟ್ ಸಂದೇಶ ಅವರಿಗೆ ತಲುಪುವುದೇ ಇಲ್ಲ. ನೀವು ಅವರ ನಂಬರು ಇಟ್ಟುಕೊಂಡರೆ ಸಾಲದು. ಆದ್ದರಿಂದ ಪುಡಿ ಪೊಟ್ಟಣ ಕಟ್ಟುತ್ತಿರುವಾಗಲೇ, ‘ಅಕ್ಕಾ, ಹೊಸದಾಗಿ ಹುರಿದಾಗ ತಿಳಿಸಲಾ?’ ಎಂದು ಕೇಳಿ, ಒಪ್ಪಿದರೆ ಅಲ್ಲಿಂದಲೇ ಒಂದು ಸಂದೇಶ ಕಳಿಸಿ, ‘ಇದೇ ನಮ್ಮ ನಂಬರು, ಸೇವ್ ಮಾಡ್ಕೊಳ್ಳಿ’ ಎನ್ನಬೇಕು. ಎರಡು ನಿಮಿಷವೂ ಹಿಡಿಯುವುದಿಲ್ಲ.

ತಲುಪಿತೋ ಇಲ್ಲವೋ ನೋಡುವ ದಾರಿಯೂ ಇದೆ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂದು ತೋರಿಸುತ್ತದೆ. ನಲವತ್ತು ಜನಕ್ಕೆ ಕಳಿಸಿ, ಮರುದಿನವೂ ಹದಿನೆಂಟು ಜನಕ್ಕೆ ಮಾತ್ರ ತಲುಪಿದ್ದರೆ ಸಂದೇಶದ ಮಾತು ತಿದ್ದಿ ಪ್ರಯೋಜನವಿಲ್ಲ. ಉಳಿದ ಇಪ್ಪತ್ತೆರಡು ಜನರಲ್ಲಿ ಹೆಚ್ಚಿನವರು ನಂಬರು ಸೇವ್ ಮಾಡಿಲ್ಲ ಎಂದೇ ಹಿಡಿಯಬಹುದು. ಅವರು ಮತ್ತೆ ಬಂದಾಗ ಕೇಳಬೇಕು. ಸಂದೇಶ ತಲುಪಿ, ಓದಿಯೂ ಬಾರದಿದ್ದರೆ ಆಗ ತಪ್ಪು ಸಂದೇಶದಲ್ಲೋ ಸಮಯದಲ್ಲೋ ಇದೆ.

ಬುಧವಾರ ಸಂಜೆ ನೋಟ್‌ಬುಕ್ ತೆರೆದು, ಮುಂದಿನ ಮೂರು-ನಾಲ್ಕು ದಿನದಲ್ಲಿ ಪುಡಿ ಮುಗಿಯುವವರನ್ನು ಮಾತ್ರ ಆರಿಸಿಕೊಂಡು ಹೀಗೆ ಬರೆಯಬಹುದು: ‘ನಮಸ್ಕಾರ. ನಾಳೆ ಬೆಳಿಗ್ಗೆ 80-20 ಹೊಸದಾಗಿ ಹುರಿದು ಪುಡಿ ಮಾಡ್ತಿದ್ದೀವಿ. ಬೇಕಿದ್ದರೆ ಕಾಲು ಅಥವಾ ಅರ್ಧ ಅಂತ ಬರೆದು ಕಳಿಸಿ, ಹೆಸರು ಹಾಕಿ ಎತ್ತಿಡ್ತೀವಿ. ಈ ಸಂದೇಶ ಬೇಡವಾದರೆ ಬೇಡ ಅನ್ನಿ.’ ಒಂದೇ ಪದದಲ್ಲಿ ಉತ್ತರಿಸುವಂತಿರುವುದೇ ಇದರ ಜೀವಾಳ. ಹೂವಿನ ಚಿತ್ರದ ಶುಭೋದಯ, ಹತ್ತು ಬಗೆ ರಿಯಾಯಿತಿಯ ಪೋಸ್ಟರು ದಿನವೂ ಕಳಿಸುವವರ ಚಾಟನ್ನು ಜನ ಮ್ಯೂಟ್ ಮಾಡುತ್ತಾರೆ. ನನಗೂ ಅದೇ ಅಭ್ಯಾಸ.

‘ಬೇಡ’ ಎಂದವರ ಹೆಸರನ್ನು ಅಂದೇ ಲಿಸ್ಟ್‌ನಿಂದ ತೆಗೆಯಿರಿ. ಸಿಟ್ಟಾದ ಗಿರಾಕಿಗಳು ನಂಬರನ್ನು ಬ್ಲಾಕ್ ಮಾಡಿ ದೂರು ಕೊಡುತ್ತಾ ಹೋದರೆ ವಾಟ್ಸ್ಆ್ಯಪ್ ಅಂಗಡಿಯ ಖಾತೆಯನ್ನೇ ನಿಲ್ಲಿಸಬಹುದು, ಆಗ ಆರ್ಡರ್ ಕಳಿಸುತ್ತಿದ್ದವರ ದಾರಿಯೂ ಮುಚ್ಚುತ್ತದೆ. ದುಡ್ಡು ಕೊಟ್ಟು ಯಾರದೋ ನಂಬರುಗಳ ಪಟ್ಟಿ ತರುವ ಉಸಾಬರಿಯೂ ಬೇಡ. ಅವರ ಫೋನಿನಲ್ಲಿ ನಿಮ್ಮ ನಂಬರು ಇರುವುದಿಲ್ಲವಾದ್ದರಿಂದ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ. ಮೇಲಾಗಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ.

ಎಲ್ಲವನ್ನೂ ಬ್ರಾಡ್‌ಕಾಸ್ಟ್‌ಗೆ ಬಿಡಲಾಗದು. ಅರ್ಧ ಕೆ.ಜಿ. ಒಯ್ಯುತ್ತಿದ್ದವರು ಇದ್ದಕ್ಕಿದ್ದಂತೆ ಕಾಲು ಕೆ.ಜಿ.ಗೆ ಇಳಿದಿದ್ದರೆ, ಅಥವಾ ಮುಗಿಯುವ ದಿನ ಕಳೆದು ವಾರವಾದರೂ ಸುದ್ದಿಯಿಲ್ಲದಿದ್ದರೆ, ಅಂಥವರಿಗೆ ಫೋನೇ ಮಾಡಬೇಕು. ಪುಡಿ ಕಹಿಯಾಗಿತ್ತೋ, ಮಗ ಬೆಂಗಳೂರಿಗೆ ಹೋದನೋ, ಡಾಕ್ಟರು ಕಾಫಿ ಬಿಡಿಸಿದರೋ ಕೇಳಿದರೆ ಗೊತ್ತಾಗುತ್ತದೆ. ಕಹಿಯಾಗಿತ್ತು ಎಂದರೆ ಮುಂದಿನ ಸಲ ಕೊಂಚ ಎಳೆಯದಾಗಿ ಹುರಿದದ್ದನ್ನು ಐವತ್ತು ಗ್ರಾಂ ಕಟ್ಟಿಕೊಟ್ಟು ನೋಡಬಹುದು.