ಮೂಲೆಯ ಹತ್ತನೇ ಪಿನ್ ಬೀಳಿಸುವುದು ಹೇಗೆ?

*ಪ್ರಶ್ನೆ: ಬೌಲಿಂಗ್‌ನಲ್ಲಿ ಬಲತುದಿಯ ಒಂದು ಪಿನ್ ಉಳಿದರೆ ಚೆಂಡು ಪ್ರತಿಸಲ ಗಟರ್‌ಗೆ ಬೀಳುತ್ತದೆ, ಇಲ್ಲವೇ ಪಿನ್ನಿನ ಎಡಕ್ಕೆ ಹೋಗುತ್ತದೆ. ಏನು ಮಾಡಲಿ?*

ನೀವು ಬಲಗೈಯವರಾದರೆ ಲೇನಿನ ಎಡಭಾಗಕ್ಕೆ ಬನ್ನಿ, ಅಲ್ಲಿಂದ ಓರೆಯಾಗಿ ಎಸೆಯಿರಿ. ಬಲ ಅಂಚಿನಲ್ಲೇ ನಿಂತು ನೇರ ಎಸೆದರೆ ಚೆಂಡು ದಾರಿಯುದ್ದಕ್ಕೂ ಗಟರ್ ಪಕ್ಕದಲ್ಲೇ ಸಾಗುತ್ತದೆ, ಸ್ವಲ್ಪ ತಪ್ಪಿದರೂ ಬಿದ್ದೇಹೋಗುತ್ತದೆ.

60 ಅಡಿ ದೂರದ ಪಿನ್ನನ್ನು ನೋಡಬೇಡಿ. ಸುಮಾರು 15 ಅಡಿ ಮುಂದಿರುವ ಏಳು ಬಾಣಗಳಲ್ಲಿ ನಟ್ಟನಡುವಿನದನ್ನು ಗುರಿಯಾಗಿಸಿ. ಅದು ಬಲದಿಂದ 20ನೇ ಮರದ ಪಟ್ಟಿಯ ಮೇಲಿದೆ. ಹತ್ತನೇ ಪಿನ್ ಹೆಚ್ಚುಕಡಿಮೆ 3ನೇ ಪಟ್ಟಿಯ ನೇರಕ್ಕಿದೆ. ಇವೆರಡನ್ನು ಸೇರಿಸುವ ಗೆರೆಯನ್ನು ಹಿಂದಕ್ಕೆ ಎಳೆದರೆ, ಫೌಲ್ ಲೈನಿನಲ್ಲಿ ಚೆಂಡು 26ನೇ ಪಟ್ಟಿಯ ಆಸುಪಾಸಿನಲ್ಲಿರಬೇಕು. ಕೈ ಪಾದದ ಬಲಕ್ಕೆ ತೂಗುವುದರಿಂದ ಪಾದ ಇನ್ನೂ ಆರೇಳು ಪಟ್ಟಿ ಎಡಕ್ಕಿರಲಿ. ಭುಜವೂ ಬಾಣದತ್ತ ತಿರುಗಿರಲಿ. ಬಹಳ ಜನ ಮರೆಯುವುದು ಇದನ್ನೇ.

ಚೆಂಡು ಬಾಣದ ಮೇಲೆಯೇ ಹಾದೂ ಪಿನ್ನಿನ ಎಡಕ್ಕೆ ಹೋಯಿತೇ? ಬಾಣ ಬದಲಿಸದೆ ಪಾದವನ್ನು ಒಂದು ಪಟ್ಟಿ ಎಡಕ್ಕೆ ಸರಿಸಿ. ಪಿನ್ನಿನ ಬಳಿ ಚೆಂಡು ಸುಮಾರು ಮೂರು ಪಟ್ಟಿ ಬಲಕ್ಕೆ ಹೋಗುತ್ತದೆ. ಗಟರ್‌ಗೆ ಬಿದ್ದರೆ ಒಂದು ಪಟ್ಟಿ ಬಲಕ್ಕೆ ಬನ್ನಿ. ಚೆಂಡು ಬಾಣವನ್ನೇ ತಪ್ಪಿದ್ದರೆ ಮಾತ್ರ ಪಾದ ಕದಲಿಸಬೇಡಿ, ಅದು ಎಸೆತದ ದೋಷ. ಈ ಲೆಕ್ಕ ನೇರ ಉರುಳುವ ಚೆಂಡಿಗಷ್ಟೇ ಸಲ್ಲುತ್ತದೆ, ಹಾಗಾಗಿ ಸ್ಪೇರ್‌ಗೆ ತಿರುಗದ ಪ್ಲಾಸ್ಟಿಕ್ ಚೆಂಡನ್ನೇ ಆರಿಸಿಕೊಳ್ಳಿ.